ಬದಲಾದದ್ದು ಮನೆಯೋ ಹೆಸರೋ: ವಿಳಾಸ ಬದಲಾವಣೆಯ ಕೋರಿಕೆಪತ್ರದ ವ್ಯಾಕರಣ

ಬ್ಯಾಂಕಿನ ಶಾಖಾ ವ್ಯವಸ್ಥಾಪಕರಿಗೆ ಬರೆಯುವ ವಿಳಾಸ ಬದಲಾವಣೆಯ ಪತ್ರವು ಸಾಮಾನ್ಯವಾಗಿ ನಾಲ್ಕು ವಾಕ್ಯಗಳನ್ನು ಮೀರುವುದಿಲ್ಲ. ಈ ನಾಲ್ಕು ವಾಕ್ಯಗಳಲ್ಲಿ ಎರಡು ಬೇರೆ ಬೇರೆ ಭಾಷಾಕ್ರಿಯೆಗಳು ನಡೆಯುತ್ತವೆ. ಒಂದು, ತಾನು ಎಲ್ಲಿ ವಾಸವಾಗಿದ್ದೇನೆ ಎಂಬ ಘೋಷಣೆ. ಇನ್ನೊಂದು, ದಾಖಲೆಯನ್ನು ತಿದ್ದಿಕೊಡಿ ಎಂಬ ಕೋರಿಕೆ. ಘೋಷಣೆಯ ಭಾಗಕ್ಕೆ ಕಾನೂನಿನ ತೂಕವಿದೆ. ಗ್ರಾಹಕರ ಗುರುತಿನ ಪರಿಶೀಲನೆಗೆ ಸಂಬಂಧಿಸಿದ ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನದ ವ್ಯವಸ್ಥೆಯಲ್ಲಿ, ಗ್ರಾಹಕರ ವಿವರಗಳನ್ನು ನಿಯತವಾಗಿ ನವೀಕರಿಸುವಾಗ ವಿಳಾಸ ಮಾತ್ರ ಬದಲಾಗಿದ್ದರೆ, ಅವರಿಂದ ಸ್ವಯಂಘೋಷಣೆಯನ್ನು ಪಡೆದು ಎರಡು ತಿಂಗಳೊಳಗೆ ಆ ವಿಳಾಸವನ್ನು ದೃಢಪಡಿಸಿಕೊಳ್ಳಬೇಕು. ಹೊಸ ವಿಳಾಸಕ್ಕೆ ಪತ್ರ ಕಳುಹಿಸುವುದು ಹೀಗೆ ದೃಢಪಡಿಸುವ ಕ್ರಮಗಳಲ್ಲಿ ಒಂದು. ಆದ್ದರಿಂದ ಘೋಷಣೆಯ ವಾಕ್ಯ ಅಸ್ಪಷ್ಟವಾದರೆ ಪರಿಣಾಮವು ಶೈಲಿಯ ಮಟ್ಟದಲ್ಲಿ ಮುಗಿಯುವುದಿಲ್ಲ. ಪತ್ರ ತಲುಪಬೇಕಾದ ಮನೆಗೆ ತಲುಪದೇ ಹೋಗಬಹುದು.

ಪ್ರಸ್ತುತ ಲೇಖನದಲ್ಲಿ ನಾವು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಪ್ರದೇಶವನ್ನು ಹಿನ್ನೆಲೆಯಾಗಿಟ್ಟುಕೊಂಡು ಇಂಥ ಪತ್ರವೊಂದರ ವ್ಯಾಕರಣವನ್ನೂ ಔಪಚಾರಿಕತೆಯನ್ನೂ ಪರಿಶೀಲಿಸುತ್ತೇವೆ. 'ವಿಳಾಸ ಬದಲಾಗಿದೆ' ಎಂಬ ಸರಳ ವಾಕ್ಯಕ್ಕೆ ಇಲ್ಲಿ ಒಂದಕ್ಕಿಂತ ಹೆಚ್ಚು ಅರ್ಥಗಳಿರುವುದೇ ಈ ಪ್ರದೇಶವನ್ನು ಆಯ್ದುಕೊಳ್ಳಲು ಕಾರಣ.

1. ಮಾದರಿ ಪತ್ರ

ಪರಿಶೀಲನೆಗಾಗಿ ನಾವೇ ರಚಿಸಿದ ಕೆಳಗಿನ ಪತ್ರವು ಈ ಭಾಗದ ಅರ್ಜಿಗಳ ರೂಢಿಯ ಶೈಲಿಯನ್ನು ಅನುಸರಿಸುತ್ತದೆ. ವಾಕ್ಯಗಳಿಗೆ ಕ್ರಮಾಂಕ ನೀಡಿದ್ದೇವೆ.

ಮಾನ್ಯ ಶಾಖಾ ವ್ಯವಸ್ಥಾಪಕರಿಗೆ,
ವಿಷಯ: ವಿಳಾಸ ಬದಲಾವಣೆ ಕುರಿತು.
ಮಾನ್ಯರೇ,
(1) ನಾನು ತಮ್ಮ ಶಾಖೆಯಲ್ಲಿ ಉಳಿತಾಯ ಖಾತೆಯನ್ನು ಹೊಂದಿರುತ್ತೇನೆ.
(2) ನನ್ನ ವಿಳಾಸವು ಬದಲಾಗಿರುತ್ತದೆ.
(3) ಸದರಿ ಹೊಸ ವಿಳಾಸದಲ್ಲಿ ವಾಸವಾಗಿರುತ್ತೇನೆ.
(4) ಕಾರಣ ನನ್ನ ವಿಳಾಸವನ್ನು ಬದಲಾಯಿಸಿಕೊಳ್ಳಬೇಕೆಂದು ವಿನಂತಿ.

ಸಂಧಿ, ವಿಭಕ್ತಿ, ಕರ್ತೃ-ಕ್ರಿಯೆಗಳ ಹೊಂದಾಣಿಕೆ ಎಲ್ಲವೂ ಇಲ್ಲಿ ಸರಿಯಾಗಿಯೇ ಇವೆ. (4)ರಲ್ಲಿ 'ಆದ್ದರಿಂದ' ಎಂಬುದರ ಸ್ಥಾನದಲ್ಲಿ ಬಂದಿರುವ 'ಕಾರಣ' ಉತ್ತರ ಕರ್ನಾಟಕದ ಅರ್ಜಿಭಾಷೆಯಲ್ಲಿ ನೆಲೆಯೂರಿದ ಪ್ರಯೋಗ. ಅದನ್ನು ತಪ್ಪೆಂದು ಎಣಿಸಲು ಆಧಾರವಿಲ್ಲ. ತೊಡಕಿರುವುದು ಮೂರು ಕ್ರಿಯಾರೂಪಗಳಲ್ಲಿ: 'ಬದಲಾಗು' ಎಂಬ ಅಕರ್ಮಕ ಧಾತು, '-ಇರುತ್ತದೆ' ಎಂಬ ಸಹಾಯಕ ಕ್ರಿಯೆ, '-ಕೊಳ್ಳು' ಎಂಬ ಆತ್ಮಾರ್ಥಕ ಸಹಾಯಕ.

2. ಬದಲಾದದ್ದು ಯಾವುದು?

'ಬದಲಾಗು' ಕ್ರಿಯೆಗೆ ಕರ್ತೃವಿನ ಅಗತ್ಯವಿಲ್ಲ. ಬದಲಾವಣೆ ಆಗಿದೆ ಎಂದಷ್ಟೇ ಅದು ಹೇಳುತ್ತದೆ. ಯಾರಿಂದ, ಯಾವ ಅಂಶದಲ್ಲಿ ಎಂಬುದನ್ನು ಹೇಳುವುದಿಲ್ಲ. ವಿಳಾಸವಾದರೋ ಎರಡು ಅಂಶಗಳಿಂದ ಕೂಡಿದ ವಸ್ತು: ಮನೆ ಇರುವ ನೆಲ ಮತ್ತು ಆ ನೆಲವನ್ನು ಗುರುತಿಸುವ ಹೆಸರುಗಳ ಸರಣಿ. ಹೆಚ್ಚಿನ ಕಡೆ ಇವೆರಡೂ ಒಟ್ಟಿಗೆ ಬದಲಾಗುವುದರಿಂದ ಭೇದ ಗಮನಕ್ಕೆ ಬರುವುದಿಲ್ಲ. ನಾವು ಆಯ್ದ ಪ್ರದೇಶದಲ್ಲಿ ಅವು ಬೇರ್ಪಟ್ಟಿವೆ.

ಬನಹಟ್ಟಿಯ ಸಂದರ್ಭವನ್ನು ಮೊದಲು ನೋಡೋಣ. 1997ಕ್ಕೆ ಮುಂಚೆ ಖಾತೆ ತೆರೆದ ನೇಕಾರರೊಬ್ಬರ ವಿಳಾಸ 'ಸಾ|| ಬನಹಟ್ಟಿ, ತಾ|| ಜಮಖಂಡಿ, ಜಿ|| ವಿಜಾಪುರ' ಎಂದಿರುತ್ತಿತ್ತು. ಆ ವರ್ಷ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಆಮೇಲೆ ರಬಕವಿ-ಬನಹಟ್ಟಿ ಜಮಖಂಡಿಯಿಂದ ಬೇರ್ಪಟ್ಟು ತಾನೇ ತಾಲೂಕಾಯಿತು. ಈಗ ಅದೇ ಮನೆಯ ವಿಳಾಸ 'ಸಾ|| ಬನಹಟ್ಟಿ, ತಾ|| ರಬಕವಿ-ಬನಹಟ್ಟಿ, ಜಿ|| ಬಾಗಲಕೋಟೆ'. ಮೂರು ಹೆಸರುಗಳಲ್ಲಿ ಎರಡು ಬದಲಾಗಿವೆ; ಮಗ್ಗ ಮಾತ್ರ ಇದ್ದಲ್ಲಿಯೇ ಇದೆ.

ಬೀಳಗಿಯ ಸಂದರ್ಭ ಇದರ ವಿಲೋಮ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಈ ತಾಲೂಕಿನ ನದೀತೀರದ ಊರುಗಳು ಮುಳುಗಡೆಯಾಗಿ, ಜನರು ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡರು. ಪುನರ್ವಸತಿ ಕೇಂದ್ರವು ಹಳೆಯ ಊರಿನ ಹೆಸರನ್ನೇ ಉಳಿಸಿಕೊಂಡಿರುವಲ್ಲಿ ಊರು, ತಾಲೂಕು, ಜಿಲ್ಲೆ ಮೂರೂ ಮೊದಲಿನಂತೆಯೇ ಇರುತ್ತವೆ, ನೆಲ ಬೇರೆಯಾಗಿದೆ. ಇಲ್ಲಿ ಬದಲಾವಣೆಯನ್ನು ಸೂಚಿಸಬಲ್ಲದ್ದು 'ಪುನರ್ವಸತಿ ಕೇಂದ್ರ' ಎಂಬ ಪದಪುಂಜ ಮತ್ತು ನಿವೇಶನದ ಸಂಖ್ಯೆ ಮಾತ್ರ. ಪತ್ರ ಬರೆಯುವವರು ಇವುಗಳನ್ನು ಬಿಟ್ಟರೆ ಹಳೆಯ ಮತ್ತು ಹೊಸ ವಿಳಾಸಗಳು ಅಕ್ಷರಶಃ ಒಂದೇ ಆಗುತ್ತವೆ.

ವಾಕ್ಯ (2) ಈ ಎರಡೂ ಸಂದರ್ಭಗಳಿಗೆ ಸಮನಾಗಿ ಒಪ್ಪುತ್ತದೆ. ಬ್ಯಾಂಕಿನ ದೃಷ್ಟಿಯಲ್ಲಿ ಅವು ಒಂದೇ ಅಲ್ಲ. ಮೊದಲನೆಯದರಲ್ಲಿ ಗ್ರಾಹಕರು ಎಲ್ಲಿಗೂ ಹೋಗಿಲ್ಲ. ಎರಡನೆಯದರಲ್ಲಿ ಹೊಸ ವಾಸಸ್ಥಾನವನ್ನು ದೃಢಪಡಿಸಿಕೊಳ್ಳಬೇಕು. ಪರಿಹಾರ ವ್ಯಾಕರಣದಲ್ಲಿಯೇ ಇದೆ. 'ಬದಲಾಗು' ಕ್ರಿಯೆಯ ಕರ್ತೃಸ್ಥಾನದಲ್ಲಿ 'ವಿಳಾಸ'ದ ಬದಲಿಗೆ ನಿಜವಾಗಿ ಬದಲಾದುದನ್ನು ಇಡಬೇಕು: 'ನನ್ನ ತಾಲೂಕಿನ ಹೆಸರು ಬದಲಾಗಿದೆ'. ವ್ಯಕ್ತಿಯೇ ಚಲಿಸಿದ್ದರೆ ವ್ಯಕ್ತಿಯನ್ನು ಕರ್ತೃವಾಗಿ ಬೇಡುವ ಕ್ರಿಯೆಯನ್ನು ಬಳಸಬೇಕು: 'ನಾನು ಸ್ಥಳಾಂತರಗೊಂಡಿದ್ದೇನೆ'.

ಇದೇ ಭೇದವನ್ನು ಗುರುತಿಸುವ ಹಳೆಯ ಸಾಧನವೊಂದು ಈ ಭಾಗದ ಬರವಣಿಗೆಯಲ್ಲಿಯೇ ಇದೆ. ವಿಳಾಸದ ಮೊದಲಿಗೆ ಬರುವ 'ಸಾ||' ಎಂಬುದು ಅರಬ್ಬಿ ಮೂಲದ 'ಸಾಕಿನ್' ಎಂಬುದರ ಸಂಕ್ಷೇಪ, 'ನಿವಾಸಿ' ಎಂದರ್ಥ. ಕೋರ್ಟು ಮತ್ತು ಪೊಲೀಸ್ ಕಾಗದಪತ್ರಗಳಲ್ಲಿ 'ಸಾ|| ಇಂಥ ಊರು, ಹಾಲಿ ವಸ್ತಿ ಇಂಥ ಊರು' ಎಂಬ ಜೋಡಿಯನ್ನು ಕಾಣುತ್ತೇವೆ. 'ಸಾ||' ವ್ಯಕ್ತಿ ಯಾವ ಊರಿನವರೆಂಬುದನ್ನು, 'ಹಾಲಿ ವಸ್ತಿ' ಈಗ ಎಲ್ಲಿದ್ದಾರೆಂಬುದನ್ನು ಹೇಳುತ್ತದೆ. 2019ರ ಆಗಸ್ಟಿನ ಘಟಪ್ರಭಾ ಪ್ರವಾಹದಂಥ ಸಂದರ್ಭದಲ್ಲಿ ಮುಧೋಳ ತಾಲೂಕಿನ ಕುಟುಂಬವೊಂದು ಕೆಲಕಾಲ ಬೇರೆಡೆ ನೆಲೆಸಿದರೆ ಬದಲಾಗುವುದು 'ಹಾಲಿ ವಸ್ತಿ' ಮಾತ್ರ. 'ವಿಳಾಸ' ಎಂಬ ಒಂದೇ ಪದವು ಈ ಎರಡನ್ನೂ ಒಳಗೊಳ್ಳುವುದರಿಂದ ಇಂದಿನ ಪತ್ರದಲ್ಲಿ ಆ ವ್ಯತ್ಯಾಸ ಕಾಣೆಯಾಗುತ್ತದೆ.

3. 'ಬದಲಾಗಿದೆ' ಮತ್ತು 'ಬದಲಾಗಿರುತ್ತದೆ'

ವಾಕ್ಯ (1), (2), (3) ಮೂರೂ '-ಇರುತ್ತೇನೆ/-ಇರುತ್ತದೆ' ಎಂದು ಮುಗಿಯುತ್ತವೆ. ಕಚೇರಿ ಕನ್ನಡದಲ್ಲಿ ಈ ರೂಪವು ಔಪಚಾರಿಕತೆಯ ಗುರುತಾಗಿ ಬೆಳೆದಿದೆ. ಆದರೆ ಸಾಮಾನ್ಯ ಕನ್ನಡದಲ್ಲಿ 'ಇದೆ' ಮತ್ತು 'ಇರುತ್ತದೆ' ಪರ್ಯಾಯಗಳಲ್ಲ. 'ಇದೆ' ಎಂಬುದು ಈಗಿನ ನಿಶ್ಚಿತ ಸ್ಥಿತಿಯನ್ನು, 'ಇರುತ್ತದೆ' ಎಂಬುದು ರೂಢಿಯನ್ನು ಅಥವಾ ಭವಿಷ್ಯವನ್ನು ಹೇಳುತ್ತದೆ. ಭೂತಕೃದಂತದ ಜೊತೆ ಸೇರಿದಾಗ ಅಂತರ ಇನ್ನೂ ಸ್ಪಷ್ಟ. 'ಬಸ್ಸು ಹೋಗಿದೆ' ಎಂಬುದು ಕಂಡದ್ದರ ವರದಿ. 'ಇಷ್ಟು ಹೊತ್ತಿಗೆ ಬಸ್ಸು ಹೋಗಿರುತ್ತದೆ' ಎಂಬುದು ಊಹೆ. ಈ ನಿಯಮವನ್ನು (2)ಕ್ಕೆ ಅನ್ವಯಿಸಿದರೆ ಅರ್ಜಿದಾರರು ತಮ್ಮದೇ ವಿಳಾಸದ ಬಗೆಗೆ ಊಹೆ ಮಾಡಿದಂತಾಗುತ್ತದೆ. (3) 'ಈಗ ವಾಸವಾಗಿದ್ದೇನೆ' ಎಂದೂ 'ಮುಂದೆ ವಾಸವಾಗಿರುತ್ತೇನೆ' ಎಂದೂ ಓದಿಸಿಕೊಳ್ಳುತ್ತದೆ.

ಈ ಭಾಗದ ಆಡುಮಾತು ಭೇದವನ್ನು ಬಿಟ್ಟುಕೊಟ್ಟಿಲ್ಲ. ಬ್ಯಾಂಕಿನ ಕಿಟಕಿಯ ಮುಂದೆ ನಿಂತವರು 'ನಮ್ ಅಡ್ರೆಸ್ ಬದ್ಲಿ ಆಗೇತ್ರಿ' ಎನ್ನುತ್ತಾರೆ. 'ಆಗೇತಿ' ಎಂಬುದು 'ಆಗಿ' ಮತ್ತು 'ಐತಿ' ಕೂಡಿ ಆದ ರೂಪ. ಶಿಷ್ಟ ಕನ್ನಡದ 'ಆಗಿದೆ'ಗೆ ಸಮಾನ. 'ಆಗಿರ್ತೈತ್ರಿ' ಎಂದರೆ ಕೇಳುವವರಿಗೆ 'ಆಗಿರಬಹುದು' ಎಂಬರ್ಥ ತೋರುತ್ತದೆ. ಹೀಗಾಗಿ ಬರೆದ ವಾಕ್ಯವನ್ನು ಆಡುಮಾತಿಗೆ ತಿರುಗಿಸಿ ನೋಡುವುದು ಉಪಯುಕ್ತ ಪರೀಕ್ಷೆ. ಬಾಯಲ್ಲಿ 'ಆಗೇತಿ' ಬರುವಲ್ಲಿ ಬರವಣಿಗೆಯಲ್ಲಿ 'ಆಗಿದೆ' ಬರಬೇಕು.

ಇದಕ್ಕೆ ಒಂದು ಮಿತಿಯಿದೆ. ಕಚೇರಿ ಭಾಷೆಗೆ ಒಗ್ಗಿದ ಓದುಗರು '-ಇರುತ್ತದೆ'ಯನ್ನು ನಿಶ್ಚಿತಾರ್ಥದಲ್ಲಿಯೇ ಗ್ರಹಿಸುತ್ತಾರೆ. ಆ ಪ್ರಭೇದದೊಳಗೆ ಅದು ವ್ಯಾಕರಣದೋಷವಲ್ಲ. (1)ರಲ್ಲಿ ಅದು ಉಳಿದರೂ ಹಾನಿಯಿಲ್ಲ, ಏಕೆಂದರೆ ಖಾತೆ ಇರುವುದು ಬ್ಯಾಂಕಿಗೆ ಗೊತ್ತು. (2) ಮತ್ತು (3) ಬ್ಯಾಂಕಿಗೆ ಗೊತ್ತಿಲ್ಲದ್ದನ್ನು ಘೋಷಿಸುತ್ತವೆ. ಅಲ್ಲಿ 'ಇದೆ' ರೂಪವನ್ನೂ ದಿನಾಂಕವನ್ನೂ ಬಳಸಬೇಕೆಂಬುದು ನಮ್ಮ ವಾದ.

4. ಯಾರು, ಯಾರಿಗಾಗಿ?

ವಾಕ್ಯ (4)ರ 'ಬದಲಾಯಿಸಿಕೊಳ್ಳಬೇಕೆಂದು' ಎಂಬಲ್ಲಿ ಒಳವಾಕ್ಯದ ಕರ್ತೃ ಲೋಪಗೊಂಡಿದೆ. '-ಕೊಳ್ಳು' ಸಹಾಯಕವು ಕ್ರಿಯೆಯ ಫಲ ಕರ್ತೃವಿಗೇ ಸೇರುತ್ತದೆಂದು ಸೂಚಿಸುತ್ತದೆ. ವಿಳಾಸ 'ನನ್ನದು' ಆದುದರಿಂದ ಓದುಗರು ಲುಪ್ತ ಕರ್ತೃವನ್ನು 'ನಾನು' ಎಂದು ತುಂಬಿಕೊಳ್ಳುವ ಸಾಧ್ಯತೆಯಿದೆ. ಆಗ ವಾಕ್ಯವು ಬರೆದವರ ಬಯಕೆಯನ್ನು ತಿಳಿಸಿ ನಿಲ್ಲುತ್ತದೆ, ವ್ಯವಸ್ಥಾಪಕರಿಂದ ಏನನ್ನೂ ಕೇಳುವುದಿಲ್ಲ. '-ಕೊಡು' ಎಂಬ ಪರಾರ್ಥಕ ಸಹಾಯಕ ಈ ಗೊಂದಲವನ್ನು ನಿವಾರಿಸುತ್ತದೆ, ಏಕೆಂದರೆ ಮಾಡುವವರೂ ಫಲ ಪಡೆಯುವವರೂ ಬೇರೆ ಎಂಬುದು ಅದರ ಅರ್ಥದಲ್ಲಿಯೇ ಸೇರಿದೆ. ಆಡುಮಾತಿನ 'ಬದ್ಲಿ ಮಾಡಿ ಕೊಡ್ರಿ' ಎಂಬುದರಲ್ಲಿಯೂ ಇರುವುದು ಇದೇ 'ಕೊಡು'.

ಕರ್ಮಪದವನ್ನೂ ತಿದ್ದಬೇಕಾಗಿದೆ. ವಿಳಾಸವನ್ನು ಬದಲಾಯಿಸುವ ಅಧಿಕಾರ ಬ್ಯಾಂಕಿಗಿಲ್ಲ. ಅದು ಬದಲಾಯಿಸಬಲ್ಲದ್ದು ತನ್ನ ದಾಖಲೆಯನ್ನು.

ಔಪಚಾರಿಕತೆಯ ವಿಷಯದಲ್ಲಿ, ಮಾತಿನ ಗೌರವಸೂಚಕ '-ರಿ' ಬರವಣಿಗೆಗೆ ಬರುವುದಿಲ್ಲ. ಅದರ ಕೆಲಸವನ್ನು 'ತಾವು' ಸರ್ವನಾಮ ಮತ್ತು '-ಬೇಕೆಂದು ವಿನಂತಿ' ರಚನೆ ಹಂಚಿಕೊಳ್ಳುತ್ತವೆ. 'ಬೇಕು' ಸ್ವತಃ ವಿಧಿಯನ್ನು ಹೇಳುವ ರೂಪ. ಅದನ್ನು 'ಎಂದು' ಎಂಬ ಉದ್ಧರಣಸೂಚಕದ ಮೂಲಕ 'ವಿನಂತಿ'ಯ ಒಳಗೆ ಇಟ್ಟಾಗ ಅದು ಕೋರಿಕೆಯಾಗುತ್ತದೆ. ವಿನಯಕ್ಕೆ ಇಷ್ಟು ಸಾಕು. ಘೋಷಣೆಯ ವಾಕ್ಯಗಳ ಕಾಲರೂಪವನ್ನು ಸಡಿಲಿಸಿ ವಿನಯ ತೋರಬೇಕಾಗಿಲ್ಲ.

5. ತಿದ್ದಿದ ರೂಪಗಳು

ಬನಹಟ್ಟಿಯ ಸಂದರ್ಭಕ್ಕೆ:

'ನಾನು ತಮ್ಮ ಶಾಖೆಯಲ್ಲಿ ಉಳಿತಾಯ ಖಾತೆ (ಸಂಖ್ಯೆ ......) ಹೊಂದಿದ್ದೇನೆ. ನನ್ನ ಮನೆ ಮೊದಲಿದ್ದ ಸ್ಥಳದಲ್ಲಿಯೇ ಇದೆ, ತಾಲೂಕಿನ ಮತ್ತು ಜಿಲ್ಲೆಯ ಹೆಸರುಗಳು ಮಾತ್ರ ಬದಲಾಗಿವೆ. ಹಳೆಯ ಮತ್ತು ಈಗಿನ ವಿಳಾಸಗಳನ್ನು ಕೆಳಗೆ ಬರೆದಿದ್ದೇನೆ. ಆದ್ದರಿಂದ ತಾವು ನನ್ನ ಖಾತೆಯ ದಾಖಲೆಯಲ್ಲಿ ಈಗಿನ ವಿಳಾಸವನ್ನು ನಮೂದಿಸಿಕೊಡಬೇಕೆಂದು ವಿನಂತಿ.'

ಬೀಳಗಿಯ ಸಂದರ್ಭದಲ್ಲಿ ಎರಡನೆಯ ವಾಕ್ಯ ಮಾತ್ರ ಬೇರೆಯಾಗುತ್ತದೆ:

'ನಮ್ಮ ಊರು ಮುಳುಗಡೆಯಾದುದರಿಂದ ನಾನು ಅದೇ ಹೆಸರಿನ ಪುನರ್ವಸತಿ ಕೇಂದ್ರಕ್ಕೆ ಸ್ಥಳಾಂತರಗೊಂಡಿದ್ದೇನೆ, ದಿನಾಂಕ...... ರಿಂದ ಅಲ್ಲಿನ ನಿವೇಶನ ಸಂಖ್ಯೆ ...... ರಲ್ಲಿ ವಾಸವಾಗಿದ್ದೇನೆ.'

ಎರಡು ಪತ್ರಗಳ ನಡುವೆ ಉಳಿದೆಲ್ಲವೂ ಸಮಾನವಾಗಿದ್ದು ಈ ಒಂದು ವಾಕ್ಯ ಬೇರೆಯಾಗಿರುವುದೇ ನಮ್ಮ ವಿಶ್ಲೇಷಣೆಯ ಸಾರ. ಮೂಲಪತ್ರದಲ್ಲಿ ಆ ಸ್ಥಾನದಲ್ಲಿದ್ದದ್ದು 'ನನ್ನ ವಿಳಾಸವು ಬದಲಾಗಿರುತ್ತದೆ' ಎಂಬ, ಎರಡೂ ಊರುಗಳಿಗೆ ಒಪ್ಪುವ ವಾಕ್ಯ. ಬ್ಯಾಂಕಿನ ಮುದ್ರಿತ ನಮೂನೆಯಲ್ಲಿ 'ಹಳೆಯ ವಿಳಾಸ', 'ಹೊಸ ವಿಳಾಸ' ಎಂಬ ಎರಡೇ ಅಂಕಣಗಳಿದ್ದರೂ ಇದೇ ಅಸ್ಪಷ್ಟತೆ ಉಳಿಯುತ್ತದೆ. ಆದ್ದರಿಂದ ನಮೂನೆಯ ಜೊತೆಗೆ ಲಗತ್ತಿಸುವ ಪತ್ರದಲ್ಲಿ ಆ ಒಂದು ವಾಕ್ಯಕ್ಕೆ ಸರಿಯಾದ ಕರ್ತೃಪದವನ್ನೂ ನಿಶ್ಚಿತ ಕಾಲರೂಪವನ್ನೂ ಕೊಡಬೇಕು.