ನವೆಂಬರಿನಲ್ಲಿ ಜಾರುವ ಸಂಜೆ ಏಳೂವರೆ

ನ್ಯೂಯಾರ್ಕ್, ಲಂಡನ್, ಬೆಂಗಳೂರಿನ ಮೂರು ಕಚೇರಿಗಳು ಸೇರಿ ಜುಲೈನಲ್ಲಿ ಸೋಮವಾರದ ಕಾಲ್ ಒಂದನ್ನು ಗೊತ್ತುಮಾಡಿಕೊಂಡವು ಎಂದಿಟ್ಟುಕೊಳ್ಳಿ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಹತ್ತು, ಲಂಡನ್ನಿನಲ್ಲಿ ಮಧ್ಯಾಹ್ನ ಮೂರು, ಇಲ್ಲಿ ಸಂಜೆ ಏಳೂವರೆ. ಇನ್ವೈಟ್ ಕಳಿಸಿದ್ದು ನ್ಯೂಯಾರ್ಕಿನ ಮ್ಯಾನೇಜರ್ ಆದ್ದರಿಂದ ಕ್ಯಾಲೆಂಡರ್ ಆ ಹತ್ತನ್ನು ಅವರೂರಿನ ಹತ್ತು ಎಂದೇ ಬರೆದುಕೊಳ್ಳುತ್ತದೆ. 2026ರ ಅಕ್ಟೋಬರ್ 25ರಂದು ಬ್ರಿಟನ್ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ; ಅಮೆರಿಕ ಅದನ್ನೇ ಮಾಡುವುದು ನವೆಂಬರ್ 1ಕ್ಕೆ. ನಡುವಿನ ಸೋಮವಾರ ಲಂಡನ್ನಿನವರಿಗೆ ಕಾಲ್ ಎರಡಕ್ಕೇ ಬಂದು, ಮುಂದಿನ ವಾರ ಮತ್ತೆ ಮೂರಕ್ಕೆ ಹೋಗುತ್ತದೆ. ಬೆಂಗಳೂರಿನ ಏಳೂವರೆ ನವೆಂಬರ್ 2ರಿಂದ ಎಂಟೂವರೆಯಾಗಿ, ಮಾರ್ಚ್‌ವರೆಗೂ ಅಲ್ಲೇ ಕೂರುತ್ತದೆ. ಗಡಿಯಾರ ಮುಟ್ಟದವರೇ ರಾತ್ರಿ ಊಟ ಮುಂದೂಡಬೇಕು!

ಕಾಲ್ ಯಾವ ಊರಿನ ಗಡಿಯಾರಕ್ಕೆ ಕಟ್ಟಿರಬೇಕು ಎಂಬುದನ್ನು ಇನ್ವೈಟ್ ಕಳಿಸಿದವರ ವಿಳಾಸ ತೀರ್ಮಾನಿಸಬಾರದು. ಒಂದು ಗಂಟೆ ಜಾರಿದರೆ ಯಾರ ದಿನ ಕೆಡುತ್ತದೋ ಆ ಊರಿಗೆ ಕಟ್ಟಬೇಕು. ಇದೇ ಕಾಲನ್ನು ಭಾರತದ ಏಳೂವರೆಗೆ ಕಟ್ಟಿ ನೋಡಿ. ಲಂಡನ್ ಅಕ್ಟೋಬರ್ 25ರ ನಂತರ ಎರಡಕ್ಕೆ ಬರುತ್ತದೆ, ನ್ಯೂಯಾರ್ಕ್ ನವೆಂಬರ್ 1ರ ನಂತರ ಒಂಬತ್ತಕ್ಕೆ. ಎರಡೂ ಕಚೇರಿಯ ವೇಳೆಯೊಳಗೇ ಇವೆ. ಅದಕ್ಕಿಂತ ಮುಖ್ಯವಾಗಿ, ಪ್ರತಿಯೊಬ್ಬರಿಗೂ ಬದಲಾವಣೆ ತಮ್ಮ ಊರಿನ ಗಡಿಯಾರ ತಿರುಗಿದ ದಿನವೇ ಬರುತ್ತದೆ. ಲಂಡನ್ನಿನ ಆ ಒಂದು ವಾರದ ಎಡವಟ್ಟೂ ಇಲ್ಲ.

ಅಷ್ಟೇಕೆ, ಎಲ್ಲವನ್ನೂ ಯುಟಿಸಿಯಲ್ಲಿ ಬರೆದರಾಯಿತಲ್ಲ ಎನ್ನುವವರಿದ್ದಾರೆ. ಭಾರತ ಯುಟಿಸಿಗಿಂತ ವರ್ಷವಿಡೀ ಐದೂವರೆ ಗಂಟೆ ಮುಂದೆಯೇ ಇರುವುದರಿಂದ ಫಲ ಒಂದೇ. ತಟಸ್ಥವಾಗಿ ಕಾಣುವ ಆ ಆಯ್ಕೆಯೂ ಒಳಗೊಳಗೇ ಬೆಂಗಳೂರಿನ ಪರವೇ. ಅದನ್ನು ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಐಎಸ್‌ಟಿ ಎಂದಷ್ಟೇ ಬರೆಯುವುದೂ ಬೇಡ, ಇಸ್ರೇಲ್ ಮತ್ತು ಐರ್ಲೆಂಡ್ ಕೂಡ ಅವೇ ಮೂರಕ್ಷರ ಬಳಸುತ್ತವೆ. ಇನ್ವೈಟಿನ ಟೈಮ್ ಝೋನ್ ಜಾಗದಲ್ಲಿ Asia/Kolkata ಅಥವಾ ಕೋಲ್ಕತ್ತಾ ಎಂದಿರುವುದನ್ನು ಆರಿಸಿದರೆ ಗೊಂದಲವಿಲ್ಲ.

ನ್ಯೂಯಾರ್ಕಿನವರ ತಕರಾರು ಇದಕ್ಕಿಂತ ಗಟ್ಟಿ. ಒಂಬತ್ತಕ್ಕೆ ಅವರದೇ ತಂಡದ ಮೀಟಿಂಗ್ ಇದ್ದರೆ ನವೆಂಬರಿನಲ್ಲಿ ಎರಡೂ ಡಿಕ್ಕಿ ಹೊಡೆಯುತ್ತವೆ. ಅದು ನಿಜವಾದ ನಷ್ಟವೇ, ಆದರೆ ಮೊದಲೇ ಗೊತ್ತಿದ್ದರೆ ಆ ಮೀಟಿಂಗನ್ನು ಹಗಲಿನೊಳಗೇ ಸರಿಸಬಹುದು. ಬೆಂಗಳೂರಿನ ಎಂಟೂವರೆಯನ್ನು ಹಾಗೆ ಸರಿಸಲಾಗದು. ಭಾರತಕ್ಕೆ ಕಟ್ಟಬೇಕೆಂಬ ನನ್ನ ವಾದ ಸೋಲುವುದು ಸ್ಯಾನ್ ಫ್ರಾನ್ಸಿಸ್ಕೊ ಎದುರು. ಬೇಸಿಗೆಯಲ್ಲಿ ಅವರ ಬೆಳಿಗ್ಗೆ ಎಂಟು ನಮ್ಮ ರಾತ್ರಿ ಎಂಟೂವರೆ. ಚಳಿಗಾಲಕ್ಕೆ ಅವರು ಏಳಕ್ಕೆ ಕೂರಬೇಕು, ಇಲ್ಲವೇ ನಾವು ಒಂಬತ್ತೂವರೆಗೆ. ಅಲ್ಲಿ ಎರಡೂ ತುದಿಗಳು ನೋಯುವುದರಿಂದ ಆ ಗಂಟೆಯನ್ನು ವರ್ಷ ಬಿಟ್ಟು ವರ್ಷ ಹಂಚಿಕೊಳ್ಳದೆ ಬೇರೆ ದಾರಿಯಿಲ್ಲ.

ಯಾವ ಗಡಿಯಾರಕ್ಕೆ ಕಟ್ಟಿದ್ದಾರೆಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಜುಲೈನಲ್ಲೇ ಕ್ಯಾಲೆಂಡರನ್ನು ಮುಂದೆ ಸರಿಸಿ ನವೆಂಬರ್ 2ರ ಸೋಮವಾರವನ್ನು ತೆರೆದರೆ ಸಾಕು, ಅಲ್ಲಿ ಏಳೂವರೆಯೋ ಎಂಟೂವರೆಯೋ ಬರೆದೇ ಇರುತ್ತದೆ.