ಬೇವೋ ಕರಿಬೇವೋ? ವೆಬ್‌ಕ್ಯಾಮಿಗೆ ಎಲೆಯ ಪಾಠ

ಎಂಟು, ಒಂಬತ್ತನೇ ತರಗತಿಯ ಮಕ್ಕಳು ಅರ್ಧ ದಿನದೊಳಗೆ ಚಿತ್ರ ಗುರುತಿಸುವ ಪುಟ್ಟ ಮಾಡೆಲ್ ಒಂದನ್ನು ತಾವೇ ಕಲಿಸಿ ಓಡಿಸಬಹುದು. ಬೇಕಾಗುವುದು ವೆಬ್‌ಕ್ಯಾಮ್ ಇರುವ ಲ್ಯಾಪ್‌ಟಾಪ್, ಇಂಟರ್‌ನೆಟ್, ಒಂದಿಷ್ಟು ಬೇವಿನ ಎಲೆ, ಒಂದಿಷ್ಟು ಕರಿಬೇವಿನ ಎಲೆ. ಒಂದು ಲ್ಯಾಪ್‌ಟಾಪಿಗೆ ಮೂರ್ನಾಲ್ಕು ಮಕ್ಕಳು ಸಾಕು. ಹೆಚ್ಚಾದರೆ ಹಿಂದೆ ನಿಂತವರಿಗೆ ಕೈ ಹಾಕುವ ಅವಕಾಶ ಸಿಗುವುದಿಲ್ಲ.

ಲ್ಯಾಪ್‌ಟಾಪ್ ತೆರೆಯುವ ಮೊದಲು ಎಲೆ ನೋಡಲಿ. ಎರಡನ್ನೂ ಮಕ್ಕಳು ಹೇಗೆ ಬೇರೆ ಮಾಡುತ್ತಾರೆ ಎಂಬುದನ್ನು ಹಾಳೆಯಲ್ಲಿ ಬರೆಸಿ. ಬೇವಿನ ಎಲೆಯ ಅಂಚು ಗರಗಸದಂತೆ ಹಲ್ಲುಹಲ್ಲಾಗಿದೆ, ಕರಿಬೇವಿನದು ಬಹುತೇಕ ನಯ; ವಾಸನೆಯಂತೂ ಬೇರೆಯೇ. ಕ್ಯಾಮೆರಾಕ್ಕೆ ವಾಸನೆ ಸಿಗದು ಎಂಬುದನ್ನು ಮಕ್ಕಳೇ ಹೇಳುತ್ತಾರೆ, ಹೇಳಲಿ. ಆಮೇಲೆ ಎರಡೂ ಬಗೆಯಿಂದ ಹತ್ತು ಹತ್ತು ಎಲೆ ಎತ್ತಿ ಲಕೋಟೆಗೆ ಹಾಕಿ ಮುಚ್ಚಿಡಿ. ಇವು ಪರೀಕ್ಷೆಯ ಎಲೆಗಳು, ಕಲಿಸುವಾಗ ಮುಟ್ಟಬಾರದು.

ಕಲಿಸಲು ಗೂಗಲ್‌ನ ‘ಟೀಚಬಲ್ ಮೆಷೀನ್’ ಎಂಬ ಉಚಿತ ಜಾಲತಾಣ ಸಾಕು. ಇಲ್ಲಿ ಕಲಿಕೆ ನಡೆಯುವುದು ಬ್ರೌಸರಿನೊಳಗೇ. ನಾವಾಗಿ ಡ್ರೈವ್‌ಗೆ ಉಳಿಸದಿದ್ದರೆ ಚಿತ್ರಗಳು ಆ ಲ್ಯಾಪ್‌ಟಾಪ್ ಬಿಟ್ಟು ಹೋಗುವುದಿಲ್ಲ. ಮಕ್ಕಳ ಮುಖ ಚಿತ್ರದಲ್ಲಿ ಸೇರಿಬಿಡುವುದರಿಂದ ಪೋಷಕರಿಗೆ ಇದನ್ನು ಮೊದಲೇ ತಿಳಿಸಬೇಕು. ಬೇವು, ಕರಿಬೇವು, ಖಾಲಿ ಎಂದು ಮೂರು ವರ್ಗ ಮಾಡಿ, `Hold to Record` ಒತ್ತಿ ಚಿತ್ರ ತೆಗೆದು, `Train Model` ಒತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಮಾಡೆಲ್ ಸಿದ್ಧ. ಅದು ನಡೆಯುವಾಗ ಬೇರೆ ಟ್ಯಾಬ್‌ಗೆ ಹೋಗಬಾರದು. ಇಷ್ಟು ಕಡಿಮೆ ಚಿತ್ರ ಸಾಲುವುದೇಕೆಂದರೆ, ಒಳಗಿರುವ ಮೊಬೈಲ್‌ನೆಟ್ ಎಂಬ ಜಾಲ ಲಕ್ಷಾಂತರ ಚಿತ್ರಗಳಿಂದ ಅಂಚು, ಬಣ್ಣ, ಮೇಲ್ಮೈ ಗುರುತಿಸುವುದನ್ನು ಆಗಲೇ ಕಲಿತಿದೆ. ನಡೆಯಲು ಬಲ್ಲ ಮಗುವಿಗೆ ಕುಂಟೆಬಿಲ್ಲೆ ಹೇಳಿಕೊಟ್ಟಂತೆ, ಕೊನೆಯ ಹೆಜ್ಜೆಯನ್ನಷ್ಟೇ ನಾವು ಕಲಿಸುವುದು.

ಮೊದಲ ಸುತ್ತಿನಲ್ಲಿ ಮಕ್ಕಳನ್ನು ತಿದ್ದಬೇಡಿ. ಒಬ್ಬಳು ಕಿಟಕಿಯ ಬಳಿ ಬೇವಿನ ಎಲೆ ಹಿಡಿದು ಗುಂಡಿ ಒತ್ತುತ್ತಾಳೆ. ಇನ್ನೊಬ್ಬ ಗೋಡೆಗೆ ಬೆನ್ನು ಹಾಕಿ ಕರಿಬೇವು ಹಿಡಿಯುತ್ತಾನೆ. ಮಾಡೆಲ್ ತಪ್ಪದೆ ಹೇಳುತ್ತದೆ, ಎಲ್ಲರಿಗೂ ಖುಷಿ. ಆಗ ಇಬ್ಬರೂ ಎಲೆ ಅದಲುಬದಲು ಮಾಡಿ ತಮ್ಮ ತಮ್ಮ ಜಾಗದಲ್ಲೇ ನಿಲ್ಲಲಿ. ಹುಡುಗಿಯ ಕೈಯಲ್ಲಿ ಕರಿಬೇವಿದ್ದರೂ ತೆರೆಯ ಮೇಲೆ ‘ಬೇವು’ ಎಂದೇ ಬಂದರೆ, ಮಾಡೆಲ್ ಕಲಿತಿರುವುದು ಕಿಟಕಿಯ ಬೆಳಕನ್ನೋ ಅವಳ ಅಂಗಿಯನ್ನೋ ಹೊರತು ಎಲೆಯನ್ನಲ್ಲ. ಇಡೀ ಕಮ್ಮಟದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದೇ ಎಂದು ನನ್ನ ಅಭಿಪ್ರಾಯ. ಅದು ಯಾವುದನ್ನು ನೋಡುತ್ತಿದೆ ಎಂದು ಮಕ್ಕಳೇ ಊಹಿಸಲಿ, ಒಂದೊಂದೇ ಸಂಗತಿ ಬದಲಿಸಿ ಪರೀಕ್ಷಿಸಲಿ: ಮೊದಲು ಅಂಗಿ, ಆಮೇಲೆ ಜಾಗ, ಕೊನೆಗೆ ಬರಿಗೈ.

ಈ ದೋಷ ಯಂತ್ರದ ಅಂಕದಲ್ಲಿ ಕಾಣಿಸುವುದಿಲ್ಲ. `Under the hood` ತೆರೆದರೆ ನಿಖರತೆ ಪೂರ್ತಿ ಅಂಕಕ್ಕೆ ಹತ್ತಿರವೇ ಇರಬಹುದು. ತಾಣವು ನಾವು ಕೊಟ್ಟ ಚಿತ್ರಗಳಲ್ಲಿ ಶೇ. 85ರಿಂದ ಕಲಿತು, ಉಳಿದ ಶೇ. 15ರ ಮೇಲೆ ತನ್ನನ್ನು ಪರೀಕ್ಷಿಸಿಕೊಳ್ಳುತ್ತದೆ. ಗುಂಡಿ ಒತ್ತಿ ಹಿಡಿದರೆ ಕ್ಷಣಕ್ಕೆ ಹತ್ತಾರು ಚಿತ್ರ ಸೇರುತ್ತವೆ, ಅವೆಲ್ಲ ಹೆಚ್ಚುಕಡಿಮೆ ಒಂದೇ. ಕಲಿತ ಚಿತ್ರದ ಅವಳಿಯೇ ಪ್ರಶ್ನೆಪತ್ರಿಕೆಯಲ್ಲೂ ಬಂದಂತಾಯಿತು.

ಎರಡನೇ ಸುತ್ತಿನಲ್ಲಿ ಮೂರೂ ವರ್ಗವನ್ನು ಎಲ್ಲ ಮಕ್ಕಳೂ ಎಲ್ಲ ಜಾಗದಲ್ಲೂ ಚಿತ್ರಿಸಬೇಕು. ಗುಂಡಿಯನ್ನು ತಟ್ಟಿ ಬಿಡಬೇಕು, ಪ್ರತಿ ಸಲ ಎಲೆ ಬದಲಿಸಬೇಕು, ತಿರುಗಿಸಬೇಕು, ಹತ್ತಿರ ತಂದು ದೂರ ಒಯ್ಯಬೇಕು. ವರ್ಗಕ್ಕೆ ಎಂಬತ್ತು ನೂರು ಚಿತ್ರ ಸಾಕು, ಸಂಖ್ಯೆ ಮೂರಕ್ಕೂ ಸಮವಿರಲಿ. ಈಗ ಲಕೋಟೆ ಬಿಚ್ಚಿ ಒಂದೊಂದೇ ಎಲೆ ತೋರಿಸಿ, ಉತ್ತರ ಬರೆದುಕೊಳ್ಳಿ. ಬೇವು ಹತ್ತಕ್ಕೆ ಒಂಬತ್ತು, ಕರಿಬೇವು ಹತ್ತಕ್ಕೆ ಆರು ಸರಿ ಬಂತೆಂದುಕೊಳ್ಳಿ. ಒಟ್ಟು ಇಪ್ಪತ್ತಕ್ಕೆ ಹದಿನೈದು ಎಂದು ಬಿಟ್ಟುಬಿಡದೆ, ತಪ್ಪಿದ ನಾಲ್ಕು ಕರಿಬೇವನ್ನು ಸಾಲಾಗಿ ಇಡಿಸಿ. ಅವು ಬಲಿತ, ದೊಡ್ಡ ಎಲೆಗಳಾಗಿದ್ದರೆ, ಕಲಿಸುವಾಗ ಎಳೆಯವನ್ನೇ ತೋರಿಸಿದ್ದೆವೇ ಎಂದು ಹಿಂದಿರುಗಿ ನೋಡಬಹುದು.

ಕೊನೆಗೆ ಕ್ಯಾಮೆರಾ ಮುಂದೆ ಪೆನ್ನು ಹಿಡಿಯಿರಿ. ಮಾಡೆಲ್ ಮೂರು ವರ್ಗಗಳಿಗೇ ನೂರು ಪಾಲು ಹಂಚಬೇಕು. ‘ಗೊತ್ತಿಲ್ಲ’ ಎನ್ನುವ ದಾರಿ ಅದಕ್ಕಿಲ್ಲ. ಆ ದಾರಿಯನ್ನು ಮಕ್ಕಳು ಕೋಡ್‌ನಲ್ಲಿ ಮಾಡಬಹುದು. `Export Model` ಕೊಡುವ ಜಾವಾಸ್ಕ್ರಿಪ್ಟ್‌ನಲ್ಲಿ `predict` ಸಾಲಿನ ಕೆಳಗೆ ಇದನ್ನು ಸೇರಿಸಿ:

```js
const sure = prediction.some(p => p.probability > 0.9);
document.title = sure ? "ಗೊತ್ತು" : "ಗೊತ್ತಿಲ್ಲ";
```

ಪುಟವನ್ನು ಡಬಲ್‌ಕ್ಲಿಕ್ ಮಾಡಿ ತೆರೆದರೆ ಮಾಡೆಲ್ ಲೋಡ್ ಆಗುವುದಿಲ್ಲ. ಅದೇ ಫೋಲ್ಡರಿನಲ್ಲಿ `python3 -m http.server` ಓಡಿಸಿ, ಬ್ರೌಸರಿನಲ್ಲಿ `localhost:8000` ತೆರೆಯಬೇಕು. ಇಷ್ಟಾದರೂ ಕೆಲವು ಪೆನ್ನುಗಳು ಶೇ. 90 ದಾಟಿ ಕರಿಬೇವಾಗುತ್ತವೆ. ಅಂಥವು ಯಾವುವು ಎಂದು ಹುಡುಕುವುದಕ್ಕೆ ಉಳಿದ ಸಮಯ ಕೊಡಿ. ಟ್ಯಾಬ್ ಮುಚ್ಚಿದರೆ ಚಿತ್ರಗಳೆಲ್ಲ ಹೋಗುತ್ತವೆ, ಹಾಗಾಗಿ ಮುಂದುವರಿಸುವ ಗುಂಪು `.tm` ಕಡತವನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಲಿ.