ತಿಂಗಳ ಹಾಲಿನ ಬಾಕಿಗೆ ಯುಪಿಐ ಆಟೋಪೇ

ಮನೆಮನೆಗೆ ಹಾಲು ಹಾಕುವವರಿಗೆ ತಿಂಗಳ ಮೊದಲ ವಾರವೆಲ್ಲ ಬಾಕಿ ಕೇಳುವುದರಲ್ಲೇ ಹೋಗುತ್ತದೆ. ಯುಪಿಐ ಆಟೋಪೇ ಈ ಓಡಾಟವನ್ನು ತಗ್ಗಿಸುತ್ತದೆ. ಆದರೆ ಅಂಗಡಿ ಮುಂದೆ ಅಂಟಿಸಿದ ಕ್ಯೂಆರ್ ಕೋಡ್ ಇದಕ್ಕೆ ಸಾಲದು. ಪೇಮೆಂಟ್ ಗೇಟ್‌ವೇ ಕಂಪನಿಯಲ್ಲಿ ವ್ಯಾಪಾರಿಯಾಗಿ ನೋಂದಾಯಿಸಿ, ಆಟೋಪೇ ಸೌಲಭ್ಯ ಕೇಳಿ ಪಡೆಯಬೇಕು. ಆಮೇಲೆ ಗ್ರಾಹಕರಿಗೆ ಲಿಂಕ್ ಕಳಿಸಿದರೆ, ಅವರು ತಮ್ಮ ಆ್ಯಪಿನಲ್ಲಿ ಒಮ್ಮೆ ಯುಪಿಐ ಪಿನ್ ಒತ್ತಿ ಒಪ್ಪಿಗೆ ಕೊಡುತ್ತಾರೆ. ಈ ಒಪ್ಪಿಗೆಗೇ ಮ್ಯಾಂಡೇಟ್ ಎನ್ನುವುದು.

ಮ್ಯಾಂಡೇಟ್ ಮಾಡುವಾಗ ಎರಡು ವಿಷಯ ಯೋಚಿಸಬೇಕು. ಮೊದಲನೆಯದು ಮೊತ್ತ. ಒಂದು ಮನೆಗೆ ದಿನಕ್ಕೊಂದು ಲೀಟರ್, ಲೀಟರಿಗೆ 50 ರೂಪಾಯಿ ಎಂದಿಟ್ಟುಕೊಳ್ಳಿ. 31 ದಿನಕ್ಕೆ 1,550 ಆಯಿತು. ಹಬ್ಬಕ್ಕೆಂದು ಆರು ಲೀಟರ್ ಹೆಚ್ಚಿಗೆ ತರಿಸಿಕೊಂಡರೆ 1,850. ಮ್ಯಾಂಡೇಟನ್ನು 1,550ಕ್ಕೇ ನಿಗದಿ ಮಾಡಿದ್ದರೆ ಉಳಿದ 300 ಅದರಲ್ಲಿ ಬರುವುದಿಲ್ಲ. ಅದಕ್ಕೇ 2,500 ಎಂಬ ಗರಿಷ್ಠ ಮಿತಿ ಇಟ್ಟು, ಪ್ರತಿ ತಿಂಗಳು ನಿಜವಾದ ಬಿಲ್ಲಿನಷ್ಟೇ ಕಡಿತಕ್ಕೆ ಕಳಿಸುವುದು ಸರಿ. ಮಿತಿ ನೋಡಿ ಗ್ರಾಹಕರು ಗಾಬರಿಯಾಗಬಹುದು. ಅದು ತಿಂಗಳ ಬಿಲ್ಲಲ್ಲ ಎಂದು ಮೊದಲೇ ಹೇಳಿಬಿಡಿ. ಇಂಥ ಬಾಕಿಗಳಲ್ಲಿ 15,000 ರೂಪಾಯಿವರೆಗಿನ ಕಡಿತಕ್ಕೆ ಪ್ರತಿಸಲ ಪಿನ್ ಬೇಕಿಲ್ಲ.

ಎರಡನೆಯದು ತಾರೀಕು. ಸಂಬಳ 7ಕ್ಕೆ ಬರುವ ಮನೆಗೆ 5ನೇ ತಾರೀಕು ಇಟ್ಟರೆ ಪ್ರತಿ ತಿಂಗಳೂ ಕಡಿತ ವಿಫಲವಾಗುತ್ತದೆ. ಸಂಬಳ ಯಾವಾಗ ಎಂದು ಕೇಳಲು ಸಂಕೋಚವಾದರೆ, ಯಾವ ತಾರೀಕು ಅನುಕೂಲ ಎಂದಾದರೂ ಕೇಳಿ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಲೇಬೇಕು. ಆದ್ದರಿಂದ ಲೆಕ್ಕ ಅದಕ್ಕೂ ಮುಂಚೆ ಮುಗಿದಿರಬೇಕು.

ಇಷ್ಟು ಮಾಡಿದರೂ ಕೆಲವು ಕಡಿತ ವಿಫಲವಾಗುತ್ತವೆ. ಆಗ ಗೇಟ್‌ವೇಯ ವರದಿಯಲ್ಲಿ ಕಾರಣ ನೋಡದೆ ಮತ್ತೆ ಕಳಿಸಬೇಡಿ. 2025ರ ಆಗಸ್ಟ್ 1ರಿಂದ ಎನ್‌ಪಿಸಿಐ ನಿಯಮದಂತೆ ಒಂದು ಕಡಿತಕ್ಕೆ ಮೊದಲ ಯತ್ನ, ಮೇಲೆ ಮೂರು ಮರುಯತ್ನ ಅಷ್ಟೇ. ಅದೂ ದಟ್ಟಣೆಯ ಹೊತ್ತಾದ ಬೆಳಿಗ್ಗೆ 10ರಿಂದ ಮಧ್ಯಾಹ್ನ 1, ಸಂಜೆ 5ರಿಂದ ರಾತ್ರಿ 9.30ರ ನಡುವೆ ನಡೆಯುವುದಿಲ್ಲ. ಬ್ಯಾಂಕಿನ ಸರ್ವರ್ ಕೈಕೊಟ್ಟಿದ್ದರೆ ಕೆಲವು ಗಂಟೆ ಬಿಟ್ಟು ಕಳಿಸಿದರೆ ಸಾಕು. ಖಾತೆಯಲ್ಲಿ ಹಣವಿಲ್ಲದಿದ್ದರೆ ಮೊದಲು ಗ್ರಾಹಕರಿಗೆ ಒಂದು ಸಂದೇಶ ಹಾಕಿ, ಹಣ ಹಾಕಿದರೆಂದು ತಿಳಿದ ಮೇಲೆ ಕಳಿಸಿ. ಗ್ರಾಹಕರೇ ಮ್ಯಾಂಡೇಟ್ ತಡೆಹಿಡಿದಿದ್ದರೆ ಅಥವಾ ರದ್ದು ಮಾಡಿದ್ದರೆ ಎಷ್ಟು ಸಲ ಕಳಿಸಿದರೂ ವ್ಯರ್ಥ. ಅದು ಅವರ ಹಕ್ಕು. ಹಾಲು ಬೇಡವೋ, ಬಿಲ್ಲಿನಲ್ಲಿ ತಕರಾರಿದೆಯೋ ಎಂದು ಮಾತಾಡಿಯೇ ತಿಳಿಯಬೇಕು.

ತುಂಬಾ ಎಚ್ಚರ ಬೇಕಾದದ್ದು ‘ಪೆಂಡಿಂಗ್’ ಎಂದು ತೋರಿಸಿದಾಗ. ಆ ಹೊತ್ತಿಗೆ ಗ್ರಾಹಕರಿಂದ ನಗದು ಇಸಿದುಕೊಂಡರೆ, ಆಮೇಲೆ ಕಡಿತವೂ ಯಶಸ್ವಿಯಾಗಿ ಒಂದೇ ತಿಂಗಳಿಗೆ ಎರಡು ಸಲ ಹಣ ಬಂದಿರುತ್ತದೆ. ಫಲಿತಾಂಶ ಖಚಿತವಾಗುವ ತನಕ ಕಾಯಿರಿ. ವಿಫಲ ಎಂದಾದ ಮೇಲೆ ನಗದು ಪಡೆದರೆ, ಉಳಿದ ಮರುಯತ್ನಗಳನ್ನು ಗೇಟ್‌ವೇಯಲ್ಲಿ ಅವತ್ತೇ ನಿಲ್ಲಿಸಿ.